ಒಡಂಬಡಿಕೆ ಮುಗಿಸಿದ ಹನ್ನೊಂದು ತಿಂಗಳು: ಒಂದು ಪ್ರಕರಣ ಅಧ್ಯಯನ

ಕಡತ ನನ್ನ ಮೇಜಿಗೆ ಬಂದಾಗ ಅದರ ಮೇಲೆ ಕಾನೂನು ವಿಭಾಗದ ಟಿಪ್ಪಣಿ ಇತ್ತು: 'ನಿಷ್ಕ್ರಿಯ. 90 ದಿನಗಳ ನೋಟಿಸು ನೀಡಿ ರದ್ದುಪಡಿಸಬಹುದು.' ಒಳಗೆ ಸಹಿಗೆ ಸಿದ್ಧವಾದ ಅರ್ಧ ಪುಟದ ಪತ್ರ. ನಮ್ಮ ವಿಶ್ವವಿದ್ಯಾಲಯವು ನೀರಿನ ಗುಣಮಟ್ಟ ಅಧ್ಯಯನ ಮಾಡುವ ಒಂದು ಸಂಶೋಧನಾ ಸಂಸ್ಥೆಯ ಜೊತೆ 5 ವರ್ಷಗಳ ಒಡಂಬಡಿಕೆ, ಅಂದರೆ ಎಂಒಯು, ಮಾಡಿಕೊಂಡಿತ್ತು. ಅವಧಿ ಮುಗಿಯಲು ಇನ್ನೂ 11 ತಿಂಗಳು ಬಾಕಿಯಿತ್ತು. ಹೊರಸಂಸ್ಥೆಗಳೊಂದಿಗಿನ ಒಪ್ಪಂದಗಳ ಸಮನ್ವಯ ಆಗ ನನ್ನ ಜವಾಬ್ದಾರಿ.

ಟಿಪ್ಪಣಿ ತಪ್ಪಾಗಿತ್ತು ಎನ್ನಲಾರೆ. ಜಂಟಿ ಸಮಿತಿ 3 ವರ್ಷಗಳಲ್ಲಿ ಒಂದೇ ಸಲ ಸೇರಿತ್ತು. ಒಡಂಬಡಿಕೆ ಆದಾಗ ನಮ್ಮಲ್ಲಿ ನೀರಿನ ರಾಸಾಯನಿಕ ಪರೀಕ್ಷೆಗೆ ಪ್ರಯೋಗಾಲಯ ಇರಲಿಲ್ಲ, ಈಗ ಇದೆ. ಅವರ ಗಮನ ಅಂತರ್ಜಲದಿಂದ ಕಾರ್ಖಾನೆಗಳ ತ್ಯಾಜ್ಯನೀರಿನ ಶುದ್ಧೀಕರಣದ ಕಡೆಗೆ ಹೊರಳಿತ್ತು. ಎರಡೂ ಕಡೆಯ ದಾರಿ ಬೇರೆಯಾಗಿತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಒಡಂಬಡಿಕೆ ಮುಗಿಯಬೇಕು ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಆದರೆ ಆ ಅರ್ಧ ಪುಟ ಅವರ ನಿರ್ದೇಶಕರ ಮೇಜಿಗೆ ಮೊದಲ ಸುದ್ದಿಯಾಗಿ ಹೋಗಿ ಬೀಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಕುಲಸಚಿವರಲ್ಲಿ ಮೂರು ವಾರ ಸಮಯ ಕೇಳಿದೆ.

"ಸತ್ತ ಕಡತಕ್ಕೆ ಮೂರು ವಾರ ಯಾಕೆ ಬೇಕು?" ಎಂದರು.

"ಸತ್ತಿರುವುದು ಕಡತ ಸಾರ್. ಅದಕ್ಕೆ ಜೋತುಬಿದ್ದ ಕೆಲಸಗಳು ಸತ್ತಿವೆಯೋ ಇಲ್ಲವೋ ನೋಡಬೇಕು" ಎಂದೆ. ಒಪ್ಪಿದರು.

ಮೊದಲು ಒಡಂಬಡಿಕೆಯನ್ನೇ ಸಾಲು ಸಾಲಾಗಿ ಓದಿದೆ. ಎಂಒಯು ಅಂದರೆ ಕಾನೂನಿನ ಕಟ್ಟು ಇಲ್ಲದ ಸದಾಶಯದ ಪತ್ರ ಎಂದು ಬಹಳ ಜನ ನಂಬಿರುತ್ತಾರೆ. ತಲೆಬರಹ ಏನಿದೆ ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ, ಒಳಗಿನ ಮಾತು ಮತ್ತು ಸಹಿ ಹಾಕಿದವರ ಉದ್ದೇಶದಿಂದ ತೀರ್ಮಾನವಾಗುತ್ತದೆ. ಒಂದೇ ದಾಖಲೆಯಲ್ಲಿ ಕೆಲವು ಷರತ್ತುಗಳು ಕಟ್ಟಿಹಾಕುವಂಥವು, ಕೆಲವು ಬರೀ ಆಶಯ ಆಗಿರಬಹುದು. ನಮ್ಮದರಲ್ಲಿ ಗೋಪ್ಯತೆ, ಬೌದ್ಧಿಕ ಆಸ್ತಿ, ಮುಕ್ತಾಯ ಮತ್ತು ನೋಟಿಸಿನ ಷರತ್ತುಗಳು ಮೊದಲ ಬಗೆಯವು.

ಓದಿದಾಗ ಕಂಡದ್ದು ಇದು. ಅವಧಿ ಮುಗಿಯುವ 6 ತಿಂಗಳ ಮೊದಲು ಯಾರೂ ಬರಹದಲ್ಲಿ ಬೇಡವೆನ್ನದಿದ್ದರೆ ಒಡಂಬಡಿಕೆ ತಾನಾಗಿಯೇ ಇನ್ನೂ 5 ವರ್ಷ ಮುಂದುವರಿಯುತ್ತದೆ. ಇದು ಬಿಟ್ಟು, ಯಾವಾಗ ಬೇಕಾದರೂ 90 ದಿನಗಳ ನೋಟಿಸು ಕೊಟ್ಟು ರದ್ದು ಮಾಡುವ ಹಕ್ಕು ಎರಡೂ ಕಡೆಗಿದೆ. ಅಂದರೆ ಹೊರಬರಲು ಎರಡು ಬಾಗಿಲು. ಟಿಪ್ಪಣಿ ಬರೆದವರು ಎರಡನೆಯದನ್ನು ತೋರಿಸಿದ್ದರು, ಅದು ಬೇಗ ಆಗುವಂಥದ್ದು. ನಾನು ಮೊದಲನೆಯದನ್ನು ಆರಿಸಿದೆ. ನಡುದಾರಿಯಲ್ಲಿ ರದ್ದು ಎಂದರೆ ಏನೋ ಕೆಟ್ಟಿದೆ ಎಂಬ ಅರ್ಥ ಬಂದೇ ಬರುತ್ತದೆ, ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಅವಧಿ ತುಂಬಿದ ಮೇಲೆ ನವೀಕರಿಸಲಿಲ್ಲ ಎಂದರೆ ಯಾರೂ ಕಾರಣ ಹುಡುಕುವುದಿಲ್ಲ. ಕೈಯಲ್ಲಿ ಇನ್ನೂ 5 ತಿಂಗಳು ಇದ್ದುದರಿಂದ ಈ ಆಯ್ಕೆ ಸಾಧ್ಯವಾಯಿತು. ಕಡತ ಆರು ತಿಂಗಳು ತಡವಾಗಿ ತೆರೆದಿದ್ದರೆ ಮೊದಲ ಬಾಗಿಲು ಮುಚ್ಚಿಹೋಗಿರುತ್ತಿತ್ತು.

ಇನ್ನೊಂದು ಷರತ್ತು ನನ್ನನ್ನು ಹೆಚ್ಚು ಕಾಡಿತು. ಮುಕ್ತಾಯದ ನಂತರವೂ ಉಳಿಯುವ ವಿಷಯಗಳು ಎಂದು ಎರಡನ್ನೇ ಹೆಸರಿಸಿದ್ದರು: ಗೋಪ್ಯತೆ ಮತ್ತು ಬೌದ್ಧಿಕ ಆಸ್ತಿ. ವಿದ್ಯಾರ್ಥಿಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಜೋತುಬಿದ್ದದ್ದು ಏನೇನು

ಮೂರು ವಾರ ವಿಭಾಗದಿಂದ ವಿಭಾಗಕ್ಕೆ ಅಲೆದೆ. ಇಮೇಲಿನಲ್ಲಿ 'ಚಾಲ್ತಿಯಲ್ಲಿರುವ ಚಟುವಟಿಕೆಗಳಿವೆಯೇ?' ಎಂದು ಕೇಳಿದಾಗ ಎಲ್ಲರೂ ಇಲ್ಲ ಎಂದೇ ಉತ್ತರಿಸಿದ್ದರು. ಎದುರು ಕೂತು 'ಅವರ ಕಡೆಯವರು ಯಾರಾದರೂ ಇಲ್ಲಿಗೆ ಬರುತ್ತಾರಾ? ನಿಮ್ಮವರು ಅಲ್ಲಿಗೆ ಹೋಗುತ್ತಾರಾ? ಅವರ ವಸ್ತು ಏನಾದರೂ ಇಲ್ಲಿದೆಯಾ?' ಎಂದು ಕೇಳಿದಾಗ ಬೇರೆಯೇ ಉತ್ತರ ಬಂತು. 'ಚಟುವಟಿಕೆ' ಎಂದರೆ ಜನ ಸಮಾರಂಭ, ವಿಚಾರಸಂಕಿರಣ ಎಂದು ತಿಳಿಯುತ್ತಾರೆ. ದಿನನಿತ್ಯ ಆಗುವುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಮೂವರು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಆ ಸಂಸ್ಥೆಯ ವಿಜ್ಞಾನಿಗಳು ಸಹಮಾರ್ಗದರ್ಶಕರಾಗಿದ್ದರು. ಒಬ್ಬರು ಪ್ರಬಂಧ ಸಲ್ಲಿಸುವ ಹಂತದಲ್ಲಿದ್ದರು. ಇನ್ನೊಬ್ಬರಿಗೆ ಸುಮಾರು 14 ತಿಂಗಳ ಕೆಲಸ ಬಾಕಿ, ಮೂರನೆಯವರಿಗೆ ಎರಡು ವರ್ಷಕ್ಕೂ ಹೆಚ್ಚು. ನಮ್ಮ ಪ್ರಯೋಗಾಲಯದಲ್ಲಿದ್ದ, ದ್ರಾವಣದ ಸಾಂದ್ರತೆ ಅಳೆಯುವ ಒಂದು ಸ್ಪೆಕ್ಟ್ರೋಫೋಟೋಮೀಟರ್ ಅವರಿಂದ ಎರವಲು ತಂದದ್ದು. 62 ಬಾವಿಗಳಿಂದ ತಿಂಗಳಿಗೊಮ್ಮೆ ತೆಗೆದ ನೀರಿನ ಮಾದರಿಗಳ 4 ವರ್ಷಗಳ ದತ್ತಾಂಶ ಇಬ್ಬರಿಗೂ ಸೇರಿತ್ತು. ಒಂದು ಜಂಟಿ ಲೇಖನ ಪತ್ರಿಕೆಯಲ್ಲಿ ಪರಿಶೀಲನೆಯಲ್ಲಿತ್ತು. ಅವರ 6 ಸಂಶೋಧಕರು ನಮ್ಮ ಗ್ರಂಥಾಲಯದ ಆನ್‌ಲೈನ್ ಪ್ರವೇಶ ಬಳಸುತ್ತಿದ್ದರು.

ವಿದ್ಯಾರ್ಥಿಗಳ ವಿಷಯವೇ ಸೂಕ್ಷ್ಮವಾದದ್ದು. ಸಹಮಾರ್ಗದರ್ಶನದ ಒಪ್ಪಿಗೆ ಪತ್ರಗಳನ್ನು ತೆಗೆಸಿ ನೋಡಿದೆ. ಮೂರೂ ಒಂದೊಂದು ಪುಟದವು, ಮೂರರಲ್ಲೂ ಮೊದಲ ಸಾಲು 'ಒಡಂಬಡಿಕೆಯ 4ನೇ ಷರತ್ತಿನನ್ವಯ' ಎಂದೇ. ಅವಕ್ಕೆ ತಮ್ಮದೇ ಕಾಲು ಇರಲಿಲ್ಲ. ಒಡಂಬಡಿಕೆ ಬಿದ್ದರೆ ಜೊತೆಗೆ ಅವೂ ಬೀಳುತ್ತವೆ. ಸಹಮಾರ್ಗದರ್ಶಕರು ಒಳ್ಳೆಯವರು, ಅವರಾಗಿ ಕೈಬಿಡುವವರಲ್ಲ. ಆದರೆ ಅವರ ಪ್ರಯೋಗಾಲಯದ ನಿಯಮದಂತೆ ಹೊರಗಿನವರು ಒಳಗೆ ಕೆಲಸ ಮಾಡಲು ಚಾಲ್ತಿಯಲ್ಲಿರುವ ಒಪ್ಪಂದ ಬೇಕು. ಗುರುತಿನ ಚೀಟಿ, ಅಪಘಾತ ವಿಮೆ, ಉಪಕರಣದ ಪಾಳಿ ಎಲ್ಲವೂ ಅದರ ಮೇಲೇ ನಿಂತಿದ್ದವು. ಕಾನೂನಿನವರ ಕಣ್ಣಿಗೆ ಇದು ಬೀಳುವುದಿಲ್ಲ, ಯಾಕೆಂದರೆ ಇದು ಒಡಂಬಡಿಕೆಯೊಳಗೆ ಬರೆದಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಶ್ರಮ ಅದರ ಮೇಲೆ ನಿಂತಿತ್ತು.

90 ದಿನಗಳ ಪತ್ರ ಅಂದೇ ಹೋಗಿದ್ದರೆ ನಮ್ಮದೇ ಇಬ್ಬರು ವಿದ್ಯಾರ್ಥಿಗಳನ್ನು ನಾವೇ ಬಾಗಿಲಾಚೆ ನಿಲ್ಲಿಸಿದಂತಾಗುತ್ತಿತ್ತು. ಈ ಪಟ್ಟಿ ನೋಡಿದ ಮೇಲೆ ಕುಲಸಚಿವರು ಅರ್ಧ ಪುಟದ ಪತ್ರವನ್ನು ಕಡತದಿಂದ ತಾವೇ ತೆಗೆದಿಟ್ಟರು.

ಮಾತು

ಅವರ ಕಡೆಯ ಸಮನ್ವಯಾಧಿಕಾರಿಗೆ ಫೋನು ಮಾಡಿದೆ. ನಮ್ಮ ಕುಲಪತಿಗಳು ನೇರವಾಗಿ ಅವರ ನಿರ್ದೇಶಕರಿಗೇ ಹೇಳಲಿ ಎಂಬ ಸಲಹೆಯೂ ಬಂದಿತ್ತು. ಅದು ಗೌರವದ ದಾರಿಯಂತೆ ಕಂಡರೂ, ವಿವರ ಗೊತ್ತಿಲ್ಲದ ಇಬ್ಬರು ಹಿರಿಯರು ಮೊದಲ ಮಾತಿನಲ್ಲೇ ಒಂದು ನಿಲುವಿಗೆ ಅಂಟಿಕೊಂಡರೆ ಆಮೇಲೆ ಅದನ್ನು ಸಡಿಲಿಸುವುದು ಕಷ್ಟ. ಕೆಲಸ ಗೊತ್ತಿರುವ ಇಬ್ಬರು ಮೊದಲು ಮಾತಾಡಿ, ಹಿರಿಯರ ಮುಂದೆ ಆಯ್ಕೆಗಳನ್ನು ಇಡುವುದು ಒಳ್ಳೆಯದು.

"ಮೇಡಂ, ಅವಧಿ ಮುಗಿದ ಮೇಲೆ ನವೀಕರಿಸುವುದು ಬೇಡ ಎಂದು ನಮ್ಮಲ್ಲಿ ಯೋಚನೆ ನಡೆದಿದೆ. ಪತ್ರ ಬರೆಯುವ ಮುಂಚೆ ನಿಮ್ಮ ಹತ್ತಿರ ಮಾತಾಡಬೇಕು ಅನ್ನಿಸಿತು" ಎಂದೆ.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ನಮಗೂ ಹಾಗೇ ಅನ್ನಿಸಿತ್ತು. ಆದರೆ ನಮ್ಮ ಸಾಹೇಬರಿಗೆ ಇದು ಎರಡು ವಾರದ ಹಿಂದೆಯೇ ಗೊತ್ತಾಗಿದೆ. ನಿಮ್ಮ ಪ್ರಾಧ್ಯಾಪಕರೊಬ್ಬರು ಒಂದು ಸಮ್ಮೇಳನದಲ್ಲಿ, 'ನಿಮ್ಮ ಜೊತೆಗಿನದು ಮುಗಿಯಿತಂತಲ್ಲ' ಎಂದು ಕೇಳಿದರಂತೆ. ತುಂಬಾ ನೊಂದುಕೊಂಡಿದ್ದಾರೆ" ಎಂದರು.

ನಾನು ಎಲ್ಲೆಲ್ಲೂ ಕೇಳುತ್ತ ಅಲೆದದ್ದೇ ಸುದ್ದಿ ಹೊರಬೀಳಲು ಕಾರಣವಾಗಿತ್ತು. ಪಟ್ಟಿ ಮಾಡುವಾಗ 'ಒಪ್ಪಂದಗಳ ವಾರ್ಷಿಕ ಪರಿಶೀಲನೆ' ಎಂದಷ್ಟೇ ಹೇಳಿ ಎಲ್ಲ ಒಡಂಬಡಿಕೆಗಳ ಬಗ್ಗೆ ಒಟ್ಟಿಗೆ ಕೇಳಬೇಕಿತ್ತು, ಅದೂ ಸುಳ್ಳಾಗುತ್ತಿರಲಿಲ್ಲ. ಇದೊಂದರ ಬಗ್ಗೆಯೇ ಕೇಳಿದ್ದರಿಂದ ಜನ ಊಹಿಸಿಕೊಂಡರು. ಮೊದಲ ಫೋನಿಗೂ ಮೂರು ವಾರ ಕಾಯಬಾರದಿತ್ತು. ಪಟ್ಟಿ ಅರ್ಧವಾದಾಗಲೇ, ಬರೀ ಯೋಚನೆ ನಡೆದಿದೆ ಎಂದಾದರೂ ತಿಳಿಸಬಹುದಿತ್ತು. ಅಂದೇ ಕ್ಷಮೆ ಕೇಳಿದೆ. ಆ ವಾರವೇ ನಮ್ಮ ಕುಲಪತಿಗಳು ನಿರ್ದೇಶಕರಿಗೆ ಫೋನು ಮಾಡಿ, ಯಾವ ತೀರ್ಮಾನವೂ ಆಗಿಲ್ಲ, ನಿಮ್ಮ ಜೊತೆ ಕೂತೇ ತೀರ್ಮಾನಿಸುತ್ತೇವೆ ಎಂದು ಹೇಳಿದರು.

ಸಭೆ ಅವರ ಆವರಣದಲ್ಲಿ ಆಯಿತು. ನಾವೇ ಹೋದೆವು. ಮುಗಿಸೋಣ ಎಂದು ಹೇಳುವವರು ಎದುರಿನವರನ್ನು ತಮ್ಮ ಮನೆಗೆ ಕರೆಸಿಕೊಳ್ಳಬಾರದು ಎಂದು ನನಗೆ ಅನ್ನಿಸಿತ್ತು.

ಅಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಇದು: ಈ ಒಡಂಬಡಿಕೆ ಮುಗಿದರೆ ನಿಮ್ಮೊಳಗೆ ಏನು ತೊಂದರೆ? ನಿರ್ದೇಶಕರು ನೇರವಾಗಿ ಹೇಳಿದರು. ಅವರ ಸಂಸ್ಥೆಯ ಕಾರ್ಯವನ್ನು ಪರಿಶೀಲಿಸುವ ಹೊರಗಿನ ಸಮಿತಿಯೊಂದು ಕೆಲವೇ ತಿಂಗಳಲ್ಲಿ ಬರಲಿತ್ತು. 'ವಿಶ್ವವಿದ್ಯಾಲಯ ಒಪ್ಪಂದ ಕಡಿದುಕೊಂಡಿತು' ಎಂಬ ಸಾಲು ಅವರ ವರದಿಯಲ್ಲಿ ಕಂಡರೆ, ಅಂತರ್ಜಲ ವಿಭಾಗವನ್ನು ಇನ್ನಷ್ಟು ಕುಗ್ಗಿಸಿ ಎನ್ನುವವರಿಗೆ ಅದೇ ಆಧಾರವಾಗುತ್ತಿತ್ತು. ಇದು ನಮಗೆ ಹೊಳೆದೇ ಇರಲಿಲ್ಲ. ನಮಗೆ ಖರ್ಚಿಲ್ಲದ ಒಂದು ಶಬ್ದ ಅವರಿಗೆ ಮೂರು ವಿಜ್ಞಾನಿಗಳ ಹುದ್ದೆಯ ಪ್ರಶ್ನೆಯಾಗಿತ್ತು. 'ಅವಧಿ ಪೂರ್ಣಗೊಂಡಿದೆ, ನಡೆಯುತ್ತಿರುವ ಕೆಲಸಗಳು ಮುಂದುವರಿಯುತ್ತವೆ' ಎಂಬುದೇ ನಿಜವಾದ್ದರಿಂದ ಹಾಗೆಯೇ ಬರೆಯಲು ಒಪ್ಪಿದೆವು. ನಿಜವನ್ನು ಮುಚ್ಚುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಇನ್ನು ನಮ್ಮ ಅಸಮಾಧಾನದ ವಿಷಯ. ಅವರಿಂದ ಪರೀಕ್ಷಾ ಫಲಿತಾಂಶಗಳು ಕೆಲವೊಮ್ಮೆ ನಾಲ್ಕು ತಿಂಗಳು ತಡವಾಗಿ ಬರುತ್ತಿದ್ದವು. ನಮ್ಮ ಪ್ರಯೋಗಾಲಯ ಕಟ್ಟಲು ಅದೂ ಒಂದು ಕಾರಣ. ಇದನ್ನು ಹೇಳಬೇಕೆ, ಬೇಡವೇ ಎಂದು ನಮ್ಮೊಳಗೆ ಚರ್ಚೆಯಾಗಿತ್ತು. ಸಂಬಂಧ ಉಳಿಯಬೇಕಾದರೆ ಸುಮ್ಮನಿರುವುದೇ ಲೇಸು ಎಂದರು ಹಲವರು. ನನ್ನ ಅಭಿಪ್ರಾಯ ಬೇರೆ: ಇಂಥದ್ದನ್ನು ಒಮ್ಮೆ, ಎದುರು ಕೂತು, ಬಾಯಲ್ಲಿ ಹೇಳಬೇಕು. ಪತ್ರದಲ್ಲಿ ಬರೆದರೆ ಅದು ಆರೋಪವಾಗಿ ಕಡತದಲ್ಲಿ ಉಳಿಯುತ್ತದೆ. ಹೇಳದೇ ಬಿಟ್ಟರೆ ಮುಂದಿನ ಸಲ ಜೊತೆಗೂಡಿದಾಗ ಅದೇ ಜಾಗದಲ್ಲಿ ಮತ್ತೆ ಎಡವುತ್ತೇವೆ.

ಹೇಳಿದೆ. ಅವರ ಹಿರಿಯ ವಿಜ್ಞಾನಿಯೊಬ್ಬರು ತಮ್ಮ ನೋಂದಣಿ ಪುಸ್ತಕ ತರಿಸಿದರು. ನಾವು ಕಳಿಸಿದ ಮಾದರಿಗಳಲ್ಲಿ ಎಷ್ಟೋ ಬಾಟಲಿಗಳ ಮೇಲೆ ತೆಗೆದ ಹೊತ್ತು ನಮೂದಾಗಿರಲಿಲ್ಲ, ತಂಪಾಗಿಟ್ಟು ತಂದದ್ದೋ ಇಲ್ಲವೋ ಎಂಬುದೂ ಇರಲಿಲ್ಲ. ನೈಟ್ರೇಟ್ ಪರೀಕ್ಷೆಗೆ, ಸಂರಕ್ಷಕ ಸೇರಿಸದ ನೀರನ್ನು ತಂಪಿನಲ್ಲಿಟ್ಟು ಎರಡು ದಿನದೊಳಗೆ ಪರೀಕ್ಷಿಸಬೇಕು. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಅದರ ಪ್ರಮಾಣವನ್ನೇ ಬದಲಿಸಿಬಿಡುತ್ತವೆ. ಹೊತ್ತು ಗೊತ್ತಿಲ್ಲದ ಮಾದರಿಯ ಫಲಿತಾಂಶಕ್ಕೆ ಸಹಿ ಹಾಕಲು ಅವರಿಗೆ ಮನಸ್ಸಾಗದೆ, ಮತ್ತೆ ಮಾದರಿ ಕೇಳಿ, ಅದು ಮುಂದಿನ ತಿಂಗಳ ಸರದಿಯಲ್ಲಿ ಬಂದು, ಹೀಗೆ ತಡವಾಗುತ್ತಿತ್ತು. ಮರುಮಾದರಿಯ ಕೋರಿಕೆಗಳು ಹೋಗುತ್ತಿದ್ದ ಇಮೇಲ್ ಎರಡು ವರ್ಷದ ಹಿಂದೆ ನಿವೃತ್ತರಾದ ನಮ್ಮ ಅಧ್ಯಾಪಕರದ್ದು. ನಾಲ್ಕು ವರ್ಷ ನಾವು ಅವರ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮದೇ ಆಗಿತ್ತು.

ಆ ಮಧ್ಯಾಹ್ನದ ನಂತರ ಸಭೆಯ ಗಾಳಿಯೇ ಬದಲಾಯಿತು. ಒಡಂಬಡಿಕೆ ಮುಂದುವರಿಸೋಣ ಎಂದು ಆಗಲೂ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಪತ್ರ

ಬರೆದದ್ದು ಎರಡು ಕಾಗದ. ಒಂದು ಇಬ್ಬರೂ ಸಹಿ ಮಾಡುವ ಮುಕ್ತಾಯ ಪತ್ರ, ಅನುಬಂಧ ಸಹಿತ. ಇನ್ನೊಂದು ಒಡಂಬಡಿಕೆಯ ಷರತ್ತು ಕೇಳುವಂತೆ ನಮ್ಮಿಂದ ಹೋಗುವ ನೋಟಿಸು. ಜಂಟಿ ಪತ್ರವಿದ್ದ ಮೇಲೆ ನೋಟಿಸು ಯಾಕೆ ಎಂದು ಕೇಳಬಹುದು. ಜಂಟಿ ಪತ್ರಕ್ಕೆ ಅವರ ಆಡಳಿತ ಮಂಡಳಿಯ ಒಪ್ಪಿಗೆ ಬೇಕಿತ್ತು, ಮಂಡಳಿ ಸೇರುವುದು ತಡವಾದರೆ 6 ತಿಂಗಳ ಗಡುವು ದಾಟಿ ಒಡಂಬಡಿಕೆ ಮತ್ತೆ 5 ವರ್ಷ ಮುಂದುವರಿಯುತ್ತಿತ್ತು. ಹಾಗಾಗಿ ನೋಟಿಸನ್ನು ಪ್ರತ್ಯೇಕವಾಗಿ ಕಳಿಸುತ್ತೇವೆ ಎಂದು ಮೊದಲೇ ತಿಳಿಸಿ, ಕರಡನ್ನು ಅವರಿಗೇ ತೋರಿಸಿ, ಅವರು ಒಂದು ಶಬ್ದ ತಿದ್ದಿದ ಮೇಲೆ ಕಳಿಸಿದೆವು. 'ಮುಂದುವರಿಸಲು ಇಚ್ಛಿಸುವುದಿಲ್ಲ' ಎಂದಿದ್ದದ್ದು 'ನವೀಕರಿಸುವುದಿಲ್ಲ' ಎಂದಾಯಿತು.

ಆ ನೋಟಿಸು ವಾಪಸು ಬಂತು. ಒಡಂಬಡಿಕೆಯಲ್ಲಿ ನಮೂದಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋದರೆ ಮಾತ್ರ ನೋಟಿಸು ತಲುಪಿದಂತೆ ಎಂಬ ಷರತ್ತಿತ್ತು, ಇಮೇಲ್ ಲೆಕ್ಕಕ್ಕಿಲ್ಲ. ಅದರಂತೆಯೇ ಕಳಿಸಿದ್ದೆವು. ಅವರ ಕಚೇರಿ ಹಳೆಯ ಕಟ್ಟಡದಿಂದ ಹೊಸದಕ್ಕೆ ಹೋಗಿ ವರ್ಷವಾಗಿತ್ತು, ವಿಳಾಸ ತಿದ್ದಿಸಿದವರಿಲ್ಲ. ಗಡುವಿಗೆ 9 ದಿನ ಉಳಿದಿತ್ತು. ಮರುದಿನ ನಾನೇ ಹೋಗಿ ಕೈಯಾರೆ ಕೊಟ್ಟು, ಹೊಸ ವಿಳಾಸಕ್ಕೆ ಬಂದದ್ದನ್ನು ಷರತ್ತಿನನ್ವಯ ತಲುಪಿದ ನೋಟಿಸೆಂದು ಸ್ವೀಕರಿಸಿದ್ದೇವೆ ಎಂಬ ಸ್ವೀಕೃತಿಯನ್ನು ಸಹಿ, ಮೊಹರು, ದಿನಾಂಕ ಸಮೇತ ಪಡೆದೆ. ಮೊದಲೇ ಮಾತಾಗಿದ್ದರಿಂದ ಅವರು ತಕ್ಷಣ ಕೊಟ್ಟರು. ಮನಸ್ತಾಪವಿದ್ದ ಸಂಸ್ಥೆಯಾಗಿದ್ದರೆ ಆ 9 ದಿನಗಳಲ್ಲಿ ಏನು ಬೇಕಾದರೂ ಆಗಬಹುದಿತ್ತು.

ಜಂಟಿ ಪತ್ರದ ತಿರುಳು ಇಷ್ಟು:

"ಒಡಂಬಡಿಕೆಯು ತನ್ನ ಅವಧಿ ಪೂರ್ಣಗೊಳಿಸಿ ಮುಕ್ತಾಯವಾಗುವುದನ್ನು ಉಭಯ ಸಂಸ್ಥೆಗಳು ಒಪ್ಪಿವೆ. ಅನುಬಂಧದಲ್ಲಿ ಹೆಸರಿಸಿದ ಕೆಲಸಗಳು, ಅಲ್ಲಿ ನಮೂದಿಸಿದ ದಿನಾಂಕದವರೆಗೆ, ಒಡಂಬಡಿಕೆ ಜಾರಿಯಲ್ಲಿದ್ದಾಗಿನ ನಿಯಮಗಳಂತೆಯೇ ನಡೆಯುತ್ತವೆ. ಅನುಬಂಧದಲ್ಲಿ ಇಲ್ಲದ ಯಾವುದೇ ಹೊಸ ಕೆಲಸಕ್ಕೆ ಪ್ರತ್ಯೇಕ ಒಪ್ಪಂದ ಬೇಕು. ಮುಕ್ತಾಯದ 6 ತಿಂಗಳೊಳಗೆ ಉಭಯ ಸಮನ್ವಯಾಧಿಕಾರಿಗಳು ಒಮ್ಮೆ ಭೇಟಿಯಾಗಿ ಅನುಬಂಧದ ಪ್ರಗತಿ ಪರಿಶೀಲಿಸುತ್ತಾರೆ."

'ಮುಂದೆಯೂ ಸಹಕಾರ ಬಯಸುತ್ತೇವೆ' ಎಂಬ ಸಾಲು ಮೊದಲ ಕರಡಿನಲ್ಲಿತ್ತು, ತೆಗೆಸಿದೆ. ಅಂಥ ಸಾಲನ್ನು ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ. ಅದರ ಜಾಗದಲ್ಲಿ ಆ 6 ತಿಂಗಳ ಭೇಟಿ ಬಂತು. ಭೇಟಿಗೆ ಒಂದು ಕೆಲಸವಿತ್ತು, ಹಾಗಾಗಿ ಅದು ನಡೆಯುವ ಸಾಧ್ಯತೆಯೂ ಇತ್ತು.

ಅನುಬಂಧದಲ್ಲಿ ಎರಡನೆಯ ವಿದ್ಯಾರ್ಥಿಗೆ ಮುಕ್ತಾಯದ ನಂತರ 6 ತಿಂಗಳು, ಮೂರನೆಯವರಿಗೆ 18 ತಿಂಗಳು ಪ್ರಯೋಗಾಲಯ ಮತ್ತು ಸಹಮಾರ್ಗದರ್ಶನ ಎಂದು ಬರೆದೆವು. ಅಂದಾಜಿಗಿಂತ ಇಬ್ಬರಿಗೂ ಎರಡು ಮೂರು ತಿಂಗಳು ಹೆಚ್ಚು ಇಟ್ಟೆವು, ಪಿಎಚ್‌ಡಿ ಅಂದುಕೊಂಡ ದಿನಕ್ಕೆ ಮುಗಿದದ್ದನ್ನು ನಾನು ಕಂಡಿಲ್ಲ. ಬಾವಿಗಳ ದತ್ತಾಂಶದ ಪೂರ್ಣ ಪ್ರತಿ ಇಬ್ಬರ ಬಳಿಯೂ ಇರುತ್ತದೆ, ಪ್ರಕಟಿಸುವವರು 30 ದಿನ ಮೊದಲು ಇನ್ನೊಬ್ಬರಿಗೆ ಕರಡು ತೋರಿಸಬೇಕು. ಜಂಟಿ ಲೇಖನದಲ್ಲಿ ಸಂಸ್ಥೆಗಳ ಹೆಸರು ಕೆಲಸ ನಡೆದಾಗ ಇದ್ದಂತೆಯೇ ಇರುತ್ತದೆ. ಗ್ರಂಥಾಲಯದ ಪ್ರವೇಶ ಮಾತ್ರ ಮುಕ್ತಾಯದ ದಿನವೇ ನಿಲ್ಲುತ್ತದೆ. ಪ್ರಕಾಶಕರ ಜೊತೆಗಿನ ನಮ್ಮ ಪರವಾನಗಿ ಹೊರಗಿನವರಿಗೆ ಅವಕಾಶ ಕೊಡುತ್ತಿರಲಿಲ್ಲ, ಅದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು.

ಸ್ಪೆಕ್ಟ್ರೋಫೋಟೋಮೀಟರ್ ಹಿಂದಿರುಗಿಸುವಾಗ ಒಂದು ಎಚ್ಚರ ವಹಿಸಿದೆವು. ಪೆಟ್ಟಿಗೆಗೆ ಹಾಕುವ ಮುಂಚೆ ಎರಡೂ ಕಡೆಯ ತಂತ್ರಜ್ಞರು ಜೊತೆಗೆ ನಿಂತು, ಸಾಂದ್ರತೆ ಗೊತ್ತಿರುವ ದ್ರಾವಣಗಳನ್ನು ಹಾಕಿ ಅಳತೆ ತೆಗೆದು, ಆ ಹಾಳೆಗೆ ಇಬ್ಬರೂ ಸಹಿ ಮಾಡಿದರು. ಅಲ್ಲಿ ತಲುಪಿದ ಮೇಲೆ ಅದೇ ದ್ರಾವಣಗಳಿಂದ ಮತ್ತೆ ಅಳೆದರು. ಸಾಗಣೆಯಲ್ಲಿ ಕೆಟ್ಟಿತೋ, ಮೊದಲೇ ಕೆಟ್ಟಿತ್ತೋ ಎಂಬ ಪ್ರಶ್ನೆಗೆ ಜಾಗವೇ ಉಳಿಯಲಿಲ್ಲ.

ವಿದ್ಯಾರ್ಥಿಗಳಿಗೆ ಹೇಳಿದ್ದು ಸಹಿಯಾದ ದಿನವೇ. ಇಬ್ಬರು ಮಾರ್ಗದರ್ಶಕರೂ ಒಟ್ಟಿಗೆ ಕೂತು, ಅನುಬಂಧದ ಪ್ರತಿಯನ್ನು ಕೈಗೆ ಕೊಟ್ಟು ಹೇಳಿದರು. ವೆಬ್‌ಸೈಟುಗಳಲ್ಲಿ ಬದಲಾವಣೆ ಅದಾದ ಮೇಲೆ.

ಮುಕ್ತಾಯದ ಮರುದಿನ

ಇಷ್ಟೆಲ್ಲ ಮಾಡಿಯೂ ಒಂದು ಕಡೆ ತಪ್ಪಿತು. ಮುಕ್ತಾಯದ ಮರುದಿನ ಬೆಳಿಗ್ಗೆ ನಮ್ಮ ಎರಡನೆಯ ವಿದ್ಯಾರ್ಥಿನಿ 22 ಬಾಟಲಿ ನೀರಿನ ಮಾದರಿ ಹಿಡಿದು ಅವರ ಗೇಟಿಗೆ ಹೋದಾಗ ಗುರುತಿನ ಚೀಟಿ ಕೆಲಸ ಮಾಡಲಿಲ್ಲ. ಪ್ರವೇಶದ ಕಂಪ್ಯೂಟರಿನಲ್ಲಿ ಒಡಂಬಡಿಕೆಯ ಹಳೆಯ ಕೊನೆಯ ದಿನಾಂಕವೇ ಇತ್ತು. ಅನುಬಂಧ ನಿರ್ದೇಶಕರ ಕಚೇರಿಯವರೆಗೆ ಹೋಗಿತ್ತು, ಭದ್ರತಾ ವಿಭಾಗಕ್ಕೆ ಹೋಗಿರಲಿಲ್ಲ. ಅಂದು ನಿರ್ದೇಶಕರೂ ಸಮನ್ವಯಾಧಿಕಾರಿಯೂ ಊರಲ್ಲಿರಲಿಲ್ಲ. ಬ್ಯಾಕ್ಟೀರಿಯಾ ಪರೀಕ್ಷೆಯ ಮಾದರಿಯನ್ನು ತಂಪಿನಲ್ಲಿಟ್ಟರೂ ಕೆಲವೇ ಗಂಟೆಗಳಲ್ಲಿ ಆರಂಭಿಸಬೇಕು, ತಡವಾದರೆ ಎಣಿಕೆಯನ್ನು ನಂಬುವಂತಿಲ್ಲ. ಆ ಸೌಲಭ್ಯ ನಮ್ಮ ಪ್ರಯೋಗಾಲಯದಲ್ಲಿ ಇರಲಿಲ್ಲ. ಸಂಜೆಯವರೆಗೆ ಕಾದು, 22 ಬಾಟಲಿಗಳನ್ನೂ ಚೆಲ್ಲಿ ಆಕೆ ಹಿಂದಿರುಗಿದಳು. ನಾವು ಬರೆದ ಪತ್ರ ಸರಿಯಾಗಿತ್ತು ಎಂಬುದು ಆಕೆಗೆ ಸಮಾಧಾನ ಕೊಡುವ ಮಾತಾಗಿರಲಿಲ್ಲ. ಆಕೆಯ ಕ್ಷಮೆ ಕೇಳಲು ನಾನೂ ಅವರ ಸಮನ್ವಯಾಧಿಕಾರಿಯೂ ಜೊತೆಗೆ ಹೋದೆವು. ಆ ಸುತ್ತಿನ ಮಾದರಿಗಳನ್ನು ಮತ್ತೆ ತೆಗೆಯುವ ಖರ್ಚನ್ನು ಎರಡೂ ಸಂಸ್ಥೆಗಳು ಹಂಚಿಕೊಂಡವು.

ಆಮೇಲೆ ಅನುಬಂಧದ ಪ್ರತಿ ಸಾಲಿನ ಮುಂದೆ ಎರಡು ಹೆಸರು ಸೇರಿಸಿದೆವು: ಕೆಲಸಕ್ಕೆ ಹೊಣೆಯಾದವರು, ಮತ್ತು ಯಾವ ವ್ಯವಸ್ಥೆಯಲ್ಲಿ ದಿನಾಂಕ ಬದಲಿಸಬೇಕೋ ಅದನ್ನು ಬದಲಿಸುವವರು. ಚೀಟಿ, ವಿಮೆ, ಉಪಕರಣದ ಪಾಳಿ, ಮೂರಕ್ಕೂ ಬೇರೆ ಬೇರೆ ಜನ. ಈಗ ಯಾವ ಮುಕ್ತಾಯದಲ್ಲೂ ನಾನು ಕೊನೆಯ ದಿನಕ್ಕೆ ಒಂದು ವಾರ ಮೊದಲು ವಿದ್ಯಾರ್ಥಿಯ ಚೀಟಿಯಲ್ಲಿ ಹೊಸ ದಿನಾಂಕ ಕಾಣುತ್ತದೆಯೇ ಎಂದು ನೋಡಿಸುತ್ತೇನೆ.

ಈ ದಾರಿ ಎಲ್ಲ ಸಂದರ್ಭಕ್ಕೂ ಅಲ್ಲ. ಎದುರಿನವರು ಹಣ ದುರುಪಯೋಗ ಮಾಡಿದ್ದರೆ, ದತ್ತಾಂಶ ತಿದ್ದಿದ್ದರೆ, ಯಾರದಾದರೂ ಸುರಕ್ಷತೆಗೆ ಅಪಾಯವಿದ್ದರೆ ಮೊದಲು ಕೆಲಸ ನಿಲ್ಲಿಸಬೇಕು, ಪತ್ರ ವಕೀಲರ ಕೈಯಿಂದ ಹೋಗಬೇಕು, ಕಾರಣ ಬರಹದಲ್ಲಿಯೇ ಇರಬೇಕು. ಅಲ್ಲಿ ಮೆಲುಮಾತು ತಪ್ಪು. ನಮ್ಮದು ದಾರಿ ಬೇರೆಯಾದ ಪ್ರಕರಣ, ವಿಶ್ವಾಸ ಮುರಿದ ಪ್ರಕರಣವಲ್ಲ.

6 ತಿಂಗಳ ಭೇಟಿ 5ನೇ ತಿಂಗಳಲ್ಲೇ ಆಯಿತು, ಅವರೇ ಕರೆದರು. ವಿದ್ಯಾರ್ಥಿನಿ ಪ್ರಬಂಧ ಸಲ್ಲಿಸಿದ್ದಳು, ಲೇಖನ ಪ್ರಕಟವಾಗಿತ್ತು. ಅನುಬಂಧದ ಆ ಎರಡು ಸಾಲುಗಳನ್ನು ಹೊಡೆದುಹಾಕಿದ ಮೇಲೆ ಅವರ ಹಿರಿಯ ವಿಜ್ಞಾನಿ ಒಂದು ಕಾಗದ ಮುಂದಿಟ್ಟರು. ಕಾರ್ಖಾನೆಗಳ ತ್ಯಾಜ್ಯನೀರು ಪಕ್ಕದ ಬಾವಿಗಳನ್ನು ಎಷ್ಟು ದೂರದವರೆಗೆ ಮುಟ್ಟುತ್ತದೆ ಎಂಬ ಅಧ್ಯಯನ. ನಮ್ಮ 62 ಬಾವಿಗಳಲ್ಲಿ 11 ಅದಕ್ಕೆ ಬೇಕು. ಹೊಸ ಎಂಒಯು ಬೇಡ, ಈ ಕೆಲಸಕ್ಕೆ ಮಾತ್ರ, 18 ತಿಂಗಳಿಗೆ, ಎರಡು ಪುಟದ ಒಪ್ಪಂದ ಸಾಕು ಎಂದು ಇಬ್ಬರೂ ಒಪ್ಪಿದೆವು. ಅದರ ಮೊದಲ ಷರತ್ತನ್ನು ನಮ್ಮ ಕಡೆಯಿಂದಲೇ ಬರೆಸಿದೆವು: ಪ್ರತಿ ಬಾಟಲಿಯ ಮೇಲೆ ಮಾದರಿ ತೆಗೆದ ಹೊತ್ತು, ತಂದ ರೀತಿ, ತೆಗೆದವರ ಹೆಸರು ಇರತಕ್ಕದ್ದು. ಇಲ್ಲದ ಬಾಟಲಿಯನ್ನು ಅವರು ಬಾಗಿಲಲ್ಲೇ ಹಿಂದಿರುಗಿಸಬಹುದು.